ರಬ್ಬರ್ ಬ್ಯಾಂಡ್ ಹಾಕಿದರೆ ಬ್ಯಾಟರಿ ಸರಿಹೋಗುತ್ತಾ?

ವಿಜಯಪುರದ ಒಂದು ಮೊಬೈಲ್ ಅಂಗಡಿಯಿಂದ ಈಗಷ್ಟೇ ಬಂದೆ. ತಲೆ ಕೆಟ್ಟಿದೆ. ಕಾಲೇಜು ಹುಡುಗನೊಬ್ಬ ಇಯರ್‌ಬಡ್ ಕೇಸಿಗೆ ರಬ್ಬರ್ ಬ್ಯಾಂಡ್ ಸುತ್ತಿಕೊಂಡು ಬಂದಿದ್ದ. ಮುಚ್ಚಳ ಕೂರುತ್ತಿರಲಿಲ್ಲ, ತಳದ ಜೋಡಣೆ ಬಾಯಿ ಬಿಟ್ಟಿತ್ತು. ಅಂಗಡಿಯವ ಹೆಬ್ಬೆರಳಿಂದ ಒತ್ತಿ, "ಏನೂ ಆಗಂಗಿಲ್ಲ ತಮ್ಮಾ, ಗಮ್ ಹಾಕಿ ಕೊಡ್ತೀನಿ" ಅಂದ. ಗಮ್ಮಂತೆ!

ಒಳಗಿರುವುದು ತೆಳು ಹಾಳೆಯ ಚೀಲದಂಥ ಲಿಥಿಯಂ ಪಾಲಿಮರ್ ಬ್ಯಾಟರಿ. ಅದು ಹಳೆಯದಾದಾಗ, ಇಲ್ಲವೇ ಜಾಸ್ತಿ ಕಾದಾಗ ಒಳಗಿನ ದ್ರಾವಣ ಕೆಟ್ಟು ಅನಿಲ ಆಗುತ್ತದೆ. ಹೊರಗೆ ಹೋಗಲು ದಾರಿ ಇಲ್ಲ, ಹಾಗಾಗಿ ಚೀಲ ಉಬ್ಬುತ್ತದೆ. ಆ ಅನಿಲದಲ್ಲಿ ಹೊತ್ತಿಕೊಳ್ಳುವಂಥದ್ದೂ ಇರುತ್ತದೆ. ಅದನ್ನು ಹೆಬ್ಬೆರಳಲ್ಲಿ ಒತ್ತಿದರೆ ಒಳಗಿನ ಪದರಗಳು ಒಂದಕ್ಕೊಂದು ತಾಗಿ ಶಾರ್ಟ್ ಆಗಬಹುದು. ರಬ್ಬರ್ ಬ್ಯಾಂಡ್ ಮಾಡುವುದೂ ಅದನ್ನೇ, ಇಡೀ ದಿನ. ನಮ್ಮೂರಿನ ಬೇಸಿಗೆ ಗೊತ್ತಲ್ವಾ? ಬಿಸಿಲಲ್ಲಿ ನಿಲ್ಲಿಸಿದ ಕಾರಿನ ಡ್ಯಾಶ್‌ಬೋರ್ಡ್ ಮೇಲೆ ಕೇಸ್ ಬಿಟ್ಟು ಹೋಗುವವರು ಎಷ್ಟು ಜನ!

"ಬಿದ್ದಿರಬೇಕು, ಅದಕ್ಕೇ ಬಿರುಕು" ಅಂತ ಅಂಗಡಿಯವ ಬೇರೆ ವಾದ ಮಾಡಿದ. ಇರಬಹುದು. ಆದರೆ ಬಿದ್ದು ಆದ ಬಿರುಕು ಇದ್ದಷ್ಟೇ ಇರುತ್ತದೆ, ಬ್ಯಾಟರಿ ಉಬ್ಬಿ ಆದದ್ದು ವಾರ ವಾರಕ್ಕೆ ಅಗಲವಾಗುತ್ತದೆ. ಕೇಸಿನ ಚಪ್ಪಟೆ ಬದಿಗೆ ಎಟಿಎಂ ಕಾರ್ಡಿನ ಅಂಚು ತಾಗಿಸಿ ನೋಡಿ. ನಡುವೆ ಉಬ್ಬಿದ್ದರೆ ಕಾರ್ಡು ಅತ್ತಿತ್ತ ಅಲ್ಲಾಡುತ್ತದೆ. ಆ ಹುಡುಗನ ಕೇಸಿಗೆ ನಾನೇ ಹಿಡಿದು ತೋರಿಸಿದೆ, ಕಾರ್ಡು ತಕ್ಕಡಿಯಂತೆ ತೂಗಿತು. ಒಂದು ಬಡ್ ಗೂಡಿನಲ್ಲಿ ಸರಿಯಾಗಿ ಕೂರದೆ ಚಾರ್ಜೂ ಆಗುತ್ತಿರಲಿಲ್ಲ. ಚಾರ್ಜಿಗಿಟ್ಟಾಗ ಮೊದಲಿಗಿಂತ ಜಾಸ್ತಿ ಬಿಸಿ, ನೇಲ್ ಪಾಲಿಶ್‌ನಂಥ ಸಿಹಿ ವಾಸನೆ ಬಂದರಂತೂ ಅನುಮಾನವೇ ಬೇಡ.

"ಹಾಡು ಚಲೋ ಕೇಳಸ್ತೈತ್ರಿ" ಅಂದ ಹುಡುಗ. ಕೇಳಿಸುತ್ತದೆ, ಯಾಕೆ ಕೇಳಿಸಬಾರದು? ಉಬ್ಬಿದ ಬ್ಯಾಟರಿಯೂ ಕರೆಂಟು ಕೊಡುತ್ತಲೇ ಇರುತ್ತದೆ. ಕೆಲಸ ಮಾಡುತ್ತಿದೆ ಅನ್ನುವುದಕ್ಕೂ ಸುರಕ್ಷಿತ ಅನ್ನುವುದಕ್ಕೂ ಸಂಬಂಧವೇ ಇಲ್ಲ. ಸಣ್ಣ ಬ್ಯಾಟರಿ, ನಿಜ. ಆದರೆ ಅದು ಇರುವುದು ಅಂಗಿ ಜೇಬಲ್ಲಿ, ರಾತ್ರಿ ದಿಂಬಿನ ಪಕ್ಕದಲ್ಲಿ.

ನನ್ನ ಜಿಪುಣತನ ನಿಮಗೆಲ್ಲ ಗೊತ್ತೇ ಇದೆ. ಚಪ್ಪಲಿಗೆ ಮೂರನೇ ಸಲ ಹೊಲಿಗೆ ಹಾಕಿಸುವ ಆಸಾಮಿ ನಾನು. ಆದರೂ ಹೇಳುತ್ತೇನೆ, ಉಬ್ಬು ಕಂಡ ದಿನವೇ ಚಾರ್ಜ್ ಮಾಡುವುದು ನಿಲ್ಲಿಸಿ. ಅರ್ಧ ಚಾರ್ಜ್ ಉಳಿದಿದೆ, ಖಾಲಿ ಮಾಡಿ ಬಿಡೋಣ ಅಂತಲೂ ಬೇಡ. ಬಡ್‌ಗಳನ್ನು ತೆಗೆದಿಡಿ, ಕೆಲವು ಕಂಪನಿಗಳು ಕೇಸ್ ಒಂದನ್ನೇ ಮಾರುತ್ತವೆ. ಕೇಸನ್ನು ಚುಚ್ಚಬೇಡಿ, ಬಿಚ್ಚಬೇಡಿ. ಮರಳು ಹಾಕಿದ ಮಣ್ಣಿನ ಕುಂಡದಲ್ಲಿಟ್ಟು, ಬಾಯಿ ಬಿಗಿಯಾಗಿ ಮುಚ್ಚದೆ, ಮನೆ ಹೊರಗೆ ನೆರಳಲ್ಲಿಡಿ. ಸುಯ್ ಅನ್ನುವ ಸದ್ದೋ ಹೊಗೆಯೋ ಬಂದರೆ ಹತ್ತಿರ ಹೋಗಬೇಡಿ, ಆ ಹೊಗೆ ವಿಷ.

ಕಸದ ಗಾಡಿಗೆ ಮಾತ್ರ ಹಾಕಬೇಡಿ. ಅಲ್ಲಿ ಒತ್ತಿ ತುಂಬುತ್ತಾರೆ. 2022ರ ಬ್ಯಾಟರಿ ತ್ಯಾಜ್ಯ ನಿಯಮದ ಪ್ರಕಾರ ಹಳೆ ಬ್ಯಾಟರಿ ವಾಪಸ್ ಸಂಗ್ರಹಿಸುವುದು ತಯಾರಕರ ಹೊಣೆ. ಕಾಗದದ ಮೇಲೆ. ವಿಜಯಪುರದಲ್ಲಿ ನಿಜವಾಗಿ ತೆಗೆದುಕೊಳ್ಳುವವರು ಯಾರಾದರೂ ಇದ್ದರೆ ಕಮೆಂಟಿನಲ್ಲಿ ಹೇಳಿ, ಆ ಹುಡುಗನ ನಂಬರ್ ಇಟ್ಟುಕೊಂಡಿದ್ದೇನೆ.