ಚೌಕಳಿ ಅಳಿಸೋಕೆ ಮೊದಲು ಅದನ್ನ ನೋಡಿ

ಈಗಷ್ಟೇ ಒಂದು ಆನ್‌ಲೈನ್ ಅಂಗಡಿಯಲ್ಲಿ ಪಟ್ಟೆ ಅಂಗಿಯ ಫೋಟೋ ನೋಡಿ ಮೈ ಉರಿದುಹೋಯಿತು. ಚೌಕಳಿ ಅಂಗಿಯ ಫೋಟೋವನ್ನೇ ಫೋಟೋಶಾಪ್‌ನಲ್ಲಿ ಪಟ್ಟೆ ಮಾಡಿದ್ದಾರೆ. ಮಾಡೆಲ್ ಕೈ ಮಡಚಿದ್ದಾನೆ, ಮುಂಗೈ ಅಡ್ಡಕ್ಕಿದೆ. ಪಟ್ಟೆ ಮಾತ್ರ ಎದೆಯ ಮೇಲೂ ತೋಳಿನ ಮೇಲೂ ಒಂದೇ ಸಮ ನೆಟ್ಟಗೆ ಇಳಿದಿವೆ. ತೋಳನ್ನ ಬೇರೆ ತುಂಡಾಗಿ ಕತ್ತರಿಸಿ ಹೊಲಿಯುತ್ತಾರೆ, ಅಲ್ವಾ? ಅದರ ಪಟ್ಟೆ ತೋಳಿನ ಉದ್ದಕ್ಕೇ ಓಡಬೇಕು.

ಇದೇ ಕೆಲಸ ಮಾಡೋ ನನಗೆ ಸಿಟ್ಟು ಬರೋದು ಯಾಕೆ ಅಂದ್ರೆ, ಪಟ್ಟೆ ಎಲ್ಲಿ ಬಾಗಬೇಕು ಅನ್ನೋದು ಹಳೆಯ ಫೋಟೋದಲ್ಲೇ ಇತ್ತು. ಚೌಕಳಿಯ ಉದ್ದ ಗೆರೆಗಳು ನೇಯ್ಗೆಯ ಜೊತೆಗೇ ಬಾಗಿರುತ್ತವೆ. ಪಕ್ಕೆಯ ಕಡೆ ಮೈ ತಿರುಗಿದಂತೆ ಗೆರೆಗಳು ಹತ್ತಿರ ಹತ್ತಿರ ಬರುತ್ತವೆ. ಬಟ್ಟೆ ನಮ್ಮಿಂದ 60 ಡಿಗ್ರಿ ತಿರುಗಿದ ಕಡೆ ಅಂತರ ಅರ್ಧಕ್ಕೆ ಇಳಿಯುತ್ತದೆ. ಆಳವಾದ ಮಡಿಕೆಯಲ್ಲಿ ಗೆರೆ ಒಳಗೆ ಹೋಗಿ, ಆಚೆ ಕಡೆ ಸ್ವಲ್ಪ ಜರುಗಿ ಹೊರಗೆ ಬರುತ್ತದೆ. ಅದನ್ನೆಲ್ಲ ಮೊದಲೇ ಅಳಿಸಿಬಿಟ್ಟರೆ ಆಮೇಲೆ ಬರೀ ಊಹೆ.

ಬಿಳಿ ಅಂಗಿಯ ಮೇಲೆ ತಿಳಿ ನೀಲಿ ಚೌಕಳಿ ಇದೆ ಅಂತಿಟ್ಟುಕೊಳ್ಳಿ. ಎದೆಯ ಎರಡು ಭಾಗ, ತೋಳು, ಕಾಲರ್, ಜೇಬು, ಪ್ರತಿಯೊಂದಕ್ಕೂ ಬೇರೆ ಪಟ್ಟೆ ಲೇಯರ್ ಹಾಕಿ. ಚಿತ್ರ ಬಾಗಿಸೋ Warp ಬಳಸಿ, ಪಟ್ಟೆಯನ್ನ ಕೆಳಗೆ ಕಾಣುವ ಉದ್ದ ಗೆರೆಗಳ ಮೇಲೆಯೇ ಕೂರಿಸಿ. ಮಡಿಕೆಯಲ್ಲಿ ಮುಚ್ಚಿಹೋಗುವ ಭಾಗವನ್ನ ಮಾಸ್ಕ್ ಹಾಕಿ ಕತ್ತರಿಸಿ. ಇನ್ನು ನೆರಳು. ಫೋಟೋದ ಕೆಂಪು, ಹಸಿರು, ನೀಲಿ ಚಾನೆಲ್‌ಗಳನ್ನ ಒಂದೊಂದಾಗಿ ನೋಡಿ. Blue ಚಾನೆಲ್‌ನಲ್ಲಿ ನೀಲಿ ಗೆರೆ ಬಹುಪಾಲು ಬಿಳುಪಿಗೆ ಸೇರಿಹೋಗಿ, ಮಡಿಕೆಯ ನೆರಳು ಹಾಗೇ ಉಳಿದಿರುತ್ತದೆ. ಅದನ್ನ ನಕಲು ಮಾಡಿ ಹಳೆಯ ಅಂಗಿಯ ಮೇಲೆ ಇಡಿ. ಉಳಿದ ಗೆರೆಯ ಗುರುತು ಒರೆಸಿ. ಅದರ ಮೇಲೆ ಪಟ್ಟೆಯನ್ನ Multiply ಮಾಡಿ, ಕೆಳಗಿನ ನೆರಳು ಪಟ್ಟೆಯ ಮೇಲೂ ಕಾಣುತ್ತದೆ.

"Displace ಫಿಲ್ಟರ್ ಇದೆಯಲ್ಲ, ಎರಡು ನಿಮಿಷದ ಕೆಲಸ" ಅಂತ ಕೆಲವರು ಹೇಳುತ್ತಾರೆ. ಆ ಫಿಲ್ಟರ್ ನಾವು ಮ್ಯಾಪ್ ಅಂತ ಕೊಡೋ ಇನ್ನೊಂದು ಚಿತ್ರ ನೋಡಿ ಪಟ್ಟೆ ಸರಿಸುತ್ತದೆ. ಅದಕ್ಕೆ ಗೊತ್ತಿರೋದು ಆ ಚಿತ್ರದ ಬೆಳಕು–ಕತ್ತಲೆ ಮಾತ್ರ. ಕಪ್ಪು–ಬಿಳುಪಿನ ನಡುವಿನ 128ರ ಬೂದು ಇದ್ದ ಕಡೆ ಅದು ಪಟ್ಟೆಯನ್ನ ಅಲ್ಲಾಡಿಸಲ್ಲ. ಅದಕ್ಕಿಂತ ತಿಳಿಯಾದರೆ ಒಂದು ಕಡೆ, ಗಾಢವಾದರೆ ಇನ್ನೊಂದು ಕಡೆ ಸರಿಸುತ್ತದೆ, ಅಷ್ಟೇ. ತೋಳು ಎತ್ತ ತಿರುಗಿದೆ ಅಂತ ಅದಕ್ಕೆ ಹೇಗೆ ತಿಳಿಯಬೇಕು? ಚೌಕಳಿ ಉಳಿದಿರೋ ಚಿತ್ರವನ್ನೇ ಮ್ಯಾಪ್ ಮಾಡಿ ಕೊಟ್ಟರಂತೂ ಹಳೆಯ ಚೌಕಗಳು ಹೊಸ ಪಟ್ಟೆಯಲ್ಲಿ ನಡುಕವಾಗಿ ಕಾಣುತ್ತವೆ. ಇವತ್ತಿನ ಫೋಟೋದಲ್ಲಿ ಎದೆಯ ಮೇಲೆ ಅದೇ ಆಗಿತ್ತು. Warp ಆದಮೇಲೆ, ಸಣ್ಣ ಸುಕ್ಕಿಗೆ, ಸ್ವಲ್ಪ ಮಸುಕು ಮಾಡಿದ ಮ್ಯಾಪ್ ಇಟ್ಟು ಕಡಿಮೆ ಪ್ರಮಾಣದಲ್ಲಿ ಬಳಸಿ, ನನ್ನ ತಕರಾರಿಲ್ಲ.

ಕಡು ನೀಲಿ, ಕಪ್ಪು ಚೌಕಳಿಗೆ ಈ ಚಾನೆಲ್ ಉಪಾಯ ನಡೆಯಲ್ಲ. ಗೆರೆ ಎಲ್ಲ ಚಾನೆಲ್‌ನಲ್ಲೂ ಕಪ್ಪಾಗೇ ಇರುತ್ತದೆ. ಅಂಥ ಅಂಗಿ ಕೊಟ್ಟು ಸಂಜೆಯೊಳಗೆ ಪಟ್ಟೆ ಮಾಡಿಕೊಡಿ ಅನ್ನಬೇಡಿ. ಅದೇ ಹುಡುಗನಿಗೆ ಒಂದು ಬಿಳಿ ಅಂಗಿ ಹಾಕಿಸಿ, ಅದೇ ಬೆಳಕಲ್ಲಿ ಇನ್ನೊಂದು ಫೋಟೋ ತೆಗೆದು ಕಳಿಸಿ.