ಜಾಣಕುರುಡು ಎಲ್ಲ ಕಡೆಗೂ ಒಗ್ಗದು

“ಇಂಗ್ಲಿಷಿನ ‘ಟರ್ನ್ ಎ ಬ್ಲೈಂಡ್ ಐ’ ಎಂಬುದಕ್ಕೆ ಕನ್ನಡದಲ್ಲಿ ‘ಜಾಣಕುರುಡು’ ಎಂದು ಬರೆದರೆ ಮುಗಿಯಿತು.”

ಮುಗಿಯುವುದಿಲ್ಲ. ಪದಕ್ಕೆ ಪದವಿಟ್ಟು ‘ಕುರುಡು ಕಣ್ಣು ತಿರುಗಿಸಿದರು’ ಎನ್ನುವುದಕ್ಕಿಂತ ಅದು ಎಷ್ಟೋ ಮೇಲು, ನಿಜ. ಆದರೆ ‘ಜಾಣಕುರುಡು’ ಎಂದೊಡನೆ ಆರೋಪವೂ ಜೊತೆಗೆ ಬರುತ್ತದೆ: ನೋಡಬೇಕಾದವನು ಸ್ವಂತ ಲಾಭಕ್ಕೋ ಅಂಜಿಕೆಗೋ ನೋಡಲಿಲ್ಲ ಎಂದು. ಇಂಗ್ಲಿಷಿನ ನುಡಿಗಟ್ಟು ಹಾಗಲ್ಲ. ಕರುಣೆಯಿಂದ ಸುಮ್ಮನಾದವರಿಗೂ ಅದು ಸಲ್ಲುತ್ತದೆ. ನಾನು ಕಥೆಯೊಂದನ್ನು ಅನುವಾದಿಸುವಾಗ, ತಡವಾಗಿ ಅಳುತ್ತಾ ಬಂದ ಹುಡುಗಿಯನ್ನು ಗದರದೆ ಬಿಟ್ಟ ಶಿಕ್ಷಕಿಯ ಬಗ್ಗೆ ‘ಜಾಣಕುರುಡು ತೋರಿದರು’ ಎಂದು ಬರೆದಿದ್ದೆ. ಕರಡು ಓದಿದ ಗೆಳತಿ, ‘ಈ ಶಿಕ್ಷಕಿ ಅಷ್ಟು ಕಲ್ಲು ಮನಸ್ಸಿನವರೇ?’ ಎಂದು ಕೇಳಿದಳು. ಕಥೆಯಲ್ಲಿದ್ದದ್ದು ಅದಕ್ಕೆ ತದ್ವಿರುದ್ಧ! ‘ನೋಡಿಯೂ ನೋಡದಂತೆ ಸುಮ್ಮನಾದರು’ ಎಂದು ತಿದ್ದಿದ ಮೇಲೆ ಆ ಪ್ರಶ್ನೆ ಏಳಲಿಲ್ಲ. ಅಕ್ರಮವನ್ನು ಕಂಡೂ ಸುಮ್ಮನಿರುವ ಅಧಿಕಾರಿಗೆ ‘ಜಾಣಕುರುಡು’ ಇರಲಿ, ಅಲ್ಲಿ ಅದಕ್ಕಿಂತ ಚುರುಕಾದ ಮಾತಿಲ್ಲ.