ಸೀರೆಯ ಫೋಟೋ ಕೆಳಗೆ ಏನು ಬರೆಯೋಣ?

ಇಳಕಲ್‌ನ ಒಂದು ನೇಕಾರರ ಸಂಘಕ್ಕೆ ಫೇಸ್‌ಬುಕ್ ಪೇಜ್ ನೋಡಿಕೊಳ್ಳುವುದು ನನ್ನ ಕೆಲಸ. ಶುರುವಿನಲ್ಲಿ ಒಂದು ಕೆಂಪು ಸೆರಗಿನ ಸೀರೆಗೆ ನಾನು ಹೀಗೆ ಬರೆದಿದ್ದೆ: "ಶುದ್ಧ ರೇಷ್ಮೆ, ನೈಸರ್ಗಿಕ ಬಣ್ಣ, ಸಾವಿರ ವರ್ಷದ ಕಲೆ." ಕೊಂಡ ಅಕ್ಕ ಒಬ್ಬರು ಒಡಲಿನ ಒಂದು ಎಳೆ ತೆಗೆದು ಸುಟ್ಟು ನೋಡಿದರು. ಅದು ಕಾಗದದ ಹಾಗೆ ಭಗ್ಗೆಂದು ಉರಿದು ಬೂದಿಯಾಯಿತು. ರೇಷ್ಮೆಯಾಗಿದ್ದರೆ ಮುದುರಿಕೊಂಡು, ಕೂದಲು ಸುಟ್ಟ ವಾಸನೆ ಬರಬೇಕಿತ್ತು. ಇದು ರೇಷ್ಮೆ ಹೇಗಾಯಿತು ಎಂದು ಅವರು ಕೇಳಿದ್ದು ಸರಿಯೇ ಇತ್ತು. ಆ ಒಡಲು ಆರ್ಟ್ ಸಿಲ್ಕ್. ಇಲ್ಲಿ ಆರ್ಟ್ ಅಂದರೆ ಕಲೆ ಅಲ್ಲ, ಕೃತಕ. ಅದು ರೇಯಾನ್ ನೂಲು.

ಬೇಜಾರಾಗಿದ್ದು ಯಾಕೆ ಗೊತ್ತಾ? ಆ ಸೀರೆಯಲ್ಲಿ ನಿಜವಾಗಿ ಹೇಳಬೇಕಾದದ್ದು ಬೇರೆಯೇ ಇತ್ತು. ನಾನು ಅದನ್ನು ಬರೆದೇ ಇರಲಿಲ್ಲ.

ಅದೇ ಕೊಂಡಿ. ಹಾಸು ಅಂದರೆ ಸೀರೆಯ ಉದ್ದಕ್ಕೆ ಹೋಗುವ ಎಳೆಗಳು. ಒಡಲಿನ ಹಾಸು ಒಂದು ನೂಲು, ಸೆರಗಿನ ಹಾಸು ಕೆಂಪು ರೇಷ್ಮೆ. ಎರಡನ್ನೂ ಬೇರೆ ಬೇರೆ ಹೂಡುತ್ತಾರೆ. ಆಮೇಲೆ ಒಡಲಿನ ಎಳೆಯ ಕುಣಿಕೆಯೊಳಗೆ ಸೆರಗಿನ ಎಳೆಯ ಕುಣಿಕೆ ಸಿಕ್ಕಿಸುತ್ತಾ ಹೋಗಬೇಕು, ಸೀರೆಯ ಅಗಲಕ್ಕೂ, ಕೈಯಿಂದಲೇ. ನಾನು ಕೂತು ನೋಡಿದ ಮನೆಯಲ್ಲಿ ಕೊಂಡಿ ಹಾಕುತ್ತಿದ್ದ ಅಮ್ಮ ಕಣ್ಣು ಎತ್ತದೆ ಹೇಳಿದರು: "ಒಂದ್ ಎಳಿ ತಪ್ಪಿದ್ರೂ ಅಲ್ಲೇ ಗೆರಿ ಕಾಣ್ತದ, ತಂಗಿ." ಹೀಗೆ ಮಾಡಿದ ಹಾಸು ಒಂದೇ ಸೀರೆಗೆ. ಮುಂದಿನ ಸೀರೆಗೆ ಮತ್ತೆ ಮೊದಲಿಂದ.

ನಿಮ್ಮ ಮನೆಯ ಸೀರೆಯಲ್ಲಿ ಇದನ್ನು ನೋಡಬಹುದು. ಒಡಲು ಮುಗಿದು ಸೆರಗು ಶುರುವಾಗುವ ಜಾಗ ತಿರುಗಿಸಿ ಹಿಡಿಯಿರಿ. ಅಲ್ಲಿ ಸಣ್ಣ ಕುಣಿಕೆಗಳ ಸಾಲು ಇರುತ್ತದೆ. ಒಡಲಿನ ಬಣ್ಣ ಅಲ್ಲಿಗೇ ನಿಲ್ಲುತ್ತದೆ. ಕೊಂಡಿ ಇಲ್ಲದಿದ್ದರೆ ಒಡಲಿನ ಹಾಸೇ ಸೆರಗಿನೊಳಕ್ಕೂ ಹೋಗುತ್ತದೆ, ಆ ಬಣ್ಣ ಕೆಂಪಿನ ಜೊತೆ ಬೆರೆತು ಕಾಣುತ್ತದೆ.

ಆದರೆ ಇಲ್ಲೂ ಜಾಸ್ತಿ ಹೇಳಬಾರದು. ಕೊಂಡಿ ಇಲ್ಲದ ಸೀರೆಯೆಲ್ಲ ಪವರ್‌ಲೂಮ್ ಅಲ್ಲ. ಉದ್ದ ಹಾಸು ಹೂಡಿ ಹಲವು ಸೀರೆ ನೇಯುವ ಕೈಮಗ್ಗಗಳೂ ಇವೆ. ಕೊಂಡಿ ಇದೆ ಅಂದ ಮಾತ್ರಕ್ಕೆ ಒಡಲು ರೇಷ್ಮೆಯೂ ಆಗುವುದಿಲ್ಲ. ಇಳಕಲ್ ಸೀರೆಗೆ ಜಿಐ, ಅಂದರೆ ಭೌಗೋಳಿಕ ಗುರುತು, ಇದೆ ನಿಜ. ಆದರೆ ಅದು ಊರಿನ ಹೆಸರಿಗೆ ಸಿಕ್ಕ ರಕ್ಷಣೆ, ನಿಮ್ಮ ಕೈಲಿರುವ ಸೀರೆಯ ನೂಲಿನ ಪರೀಕ್ಷೆ ಅಲ್ಲ. ಕೈಮಗ್ಗದ್ದೇ ಎಂದು ಹೇಳುವ ಹ್ಯಾಂಡ್‌ಲೂಮ್ ಮಾರ್ಕ್ ಚೀಟಿ ಸೀರೆಗೆ ಅಂಟಿದ್ದರೆ ಮಾತ್ರ ನಾವು ಅದರ ಹೆಸರು ಎತ್ತುತ್ತೇವೆ.

ಈಗ ಬರೆಯುವ ಮೊದಲು ನೇಯ್ದವರನ್ನೇ ಕೇಳುತ್ತೇನೆ: ಹಾಸು ಯಾವುದು, ಅಡ್ಡಕ್ಕೆ ಹೋಗುವ ಹೊಕ್ಕು ಯಾವುದು, ಬಣ್ಣ ಯಾವುದು. ಅದೇ ಸೀರೆಯ ಬರಹ ಈಗ ಹೀಗಿದೆ:

"ಇಳಕಲ್‌ನಲ್ಲಿ ನಮ್ಮ ಸಂಘದ ಸದಸ್ಯರು ಕುಣಿಮಗ್ಗದಲ್ಲಿ ನೇಯ್ದದ್ದು. ಒಡಲು ಆರ್ಟ್ ಸಿಲ್ಕ್, ಅಂದರೆ ರೇಯಾನ್. ಸೆರಗು ರೇಷ್ಮೆ. ಕೊಂಡಿ ಹಾಕಿ ಸೇರಿಸಿದೆ, ಹಿಂಬದಿಯ ಫೋಟೋ ಎರಡನೆಯದು. ಬಣ್ಣ ರಾಸಾಯನಿಕ."